ಸಂತೆಯಲ್ಲಿ ಲಾಭ ನಷ್ಟ ಸಂಜೆ ನಾಲ್ಕಕ್ಕೆ ಗೊತ್ತಾಗುತ್ತೆ

‘ದಲ್ಲಾಳಿ ಬಿಡಿ, ನೇರ ಮಾರಿ’ ಅಂತ ನಾವು ಪತ್ರಕರ್ತರು ಸುಲಭವಾಗಿ ಬರೆದುಬಿಡುತ್ತೇವೆ. ನಾವೂ ಹಾಗೆ ಬರೆದವರೇ. ಈ ಬೇಸಿಗೆಯಲ್ಲಿ ಟೊಮೆಟೊ ಬೆಳೆಗಾರರೊಬ್ಬರ ಜೊತೆ ಸಂತೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ಲೆಕ್ಕ ಬರೆದ ಮೇಲೆ ಆ ಮಾತನ್ನು ತಿದ್ದಬೇಕು ಅನ್ನಿಸಿತು.

ಅವರು ತಂದಿದ್ದು ಆರು ಬಾಕ್ಸ್. ಬಾಕ್ಸಿಗೆ 15 ಕೆ.ಜಿ.ಯಂತೆ 90 ಕೆ.ಜಿ. ಅವತ್ತು ಮಂಡಿಯಲ್ಲಿ ಬಾಕ್ಸಿಗೆ 180 ರೂಪಾಯಿ ಇತ್ತು. ಅಲ್ಲಿಗೇ ಹಾಕಿದ್ದರೆ ಕಮಿಷನ್ನು, ಬಾಡಿಗೆ ಕಳೆದು 852 ರೂಪಾಯಿ ಕೈಗೆ ಬರುತ್ತಿತ್ತು.

ಸಂತೆಯಲ್ಲಿ ಬೆಳಿಗ್ಗೆ ಕೆ.ಜಿ.ಗೆ 20 ರೂಪಾಯಿಯಂತೆ 45 ಕೆ.ಜಿ. ಹೋಯಿತು. ಮಧ್ಯಾಹ್ನ 15ಕ್ಕೆ ಇಳಿಸಿದಾಗ 20 ಕೆ.ಜಿ. ನಾಲ್ಕು ಗಂಟೆಗೆ ಹಣ್ಣು ಮೆತ್ತಗಾಗಿತ್ತು, ಜನ ಮನೆ ಕಡೆ ಹೊರಟಿದ್ದರು. ‘ಸಂಜೆ ಆದ್ಮೇಲೆ ಕೇಳಿದ್ದೇ ರೇಟು ಸಾರ್’ ಅಂದರು ಅವರು. 15 ಕೆ.ಜಿ.ಯನ್ನು ಎಂಟು ರೂಪಾಯಿಗೆ ಕೊಟ್ಟರು, ಹತ್ತು ಕೆ.ಜಿ. ದನಕ್ಕೆ ಹೋಯಿತು. ಒಟ್ಟು 1320. ಆಟೊ, ಸಂತೆ ಸುಂಕ, ಊಟ, ಟೀ ಸೇರಿ 340 ಖರ್ಚು. ಉಳಿದದ್ದು 980. ದಿನವಿಡೀ ಬಿಸಿಲಲ್ಲಿ ಕೂತಿದ್ದಕ್ಕೆ ಮಂಡಿಗಿಂತ ಸಿಕ್ಕಿದ್ದು 128 ರೂಪಾಯಿ ಹೆಚ್ಚು. ಅದು ಅರ್ಧ ದಿನದ ಕೂಲಿಯೂ ಅಲ್ಲ.

ಇಲ್ಲಿ ಅವರನ್ನು ಹೊಡೆದದ್ದು ದಲ್ಲಾಳಿಯಲ್ಲ, ಕೊನೆಯ 25 ಕೆ.ಜಿ. ಅದಕ್ಕೆ ಕಾರಣ ಹೊಲದಲ್ಲೇ ಇತ್ತು. ಸಂತೆಗೆ ಅಂತ ಪೂರ್ತಿ ಕೆಂಪಾದ ಹಣ್ಣನ್ನೇ ಬಿಡಿಸಿದ್ದರು. ಅಂಥ ಹಣ್ಣು ಬಿಸಿಲಲ್ಲಿ ಒಂದು ದಿನ ತಡೆಯುವುದೇ ಕಷ್ಟ. ತುದಿಯಲ್ಲಿ ನಸುಗೆಂಪು ತಿರುಗಿದ ಕಾಯಿ ನೆರಳಲ್ಲಿದ್ದರೆ ನಾಲ್ಕೈದು ದಿನ ಇದ್ದು ತಾನೇ ಹಣ್ಣಾಗುತ್ತದೆ.

ಮುಂದಿನ ವಾರ ಅವರು ಅರ್ಧ ಕೆಂಪು, ಅರ್ಧ ದೋರೆ ಬಿಡಿಸಿದರು. ತೊಟ್ಟು ಪಕ್ಕದ ಹಣ್ಣಿಗೆ ಚುಚ್ಚಿ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ, ಅದಕ್ಕೆ ತೊಟ್ಟು ತೆಗೆದರು. ಬಾಕ್ಸಿನ ಅಂಚಿಗಿಂತ ಮೇಲೆ ತುಂಬಲಿಲ್ಲ. ಸೊಪ್ಪಿಗೆ ಚಿಮುಕಿಸುವ ಹಾಗೆ ಟೊಮೆಟೊಗೆ ನೀರು ಹಾಕಲಿಲ್ಲ. ಒದ್ದೆಯಾದ ಟೊಮೆಟೊ ಬೇಗ ಕೊಳೆಯುತ್ತದೆ. ಮಾರಾಟ ಮೊದಲಿನಷ್ಟೇ ಆಯಿತು, ಆದರೆ ಸಂಜೆ ಉಳಿದ 25 ಕೆ.ಜಿ. ಗಟ್ಟಿಯಾಗಿತ್ತು. ಅದನ್ನು ವಾಪಸ್ ತಂದು, ಪಕ್ಕದ ಪೇಟೆಯ ಮನೆಗಳಿಗೆ ವಾಟ್ಸಾಪಲ್ಲಿ ರೇಟು ಹಾಕಿದರು. ಎರಡು ದಿನ ಬಿಟ್ಟು 23 ಕೆ.ಜಿ. 18 ರೂಪಾಯಿಯಂತೆ ಹೋಯಿತು. ಎರಡು ಕೆ.ಜಿ. ಮಾತ್ರ ಹಾಳು. ಬೈಕಿನ ಪೆಟ್ರೋಲ್ 40 ಕಳೆದರೂ ಒಟ್ಟು 1234 ಉಳಿಯಿತು. ಮಂಡಿಗಿಂತ 382 ಹೆಚ್ಚು, ಅಂದರೆ ಒಂದು ದಿನದ ಕೂಲಿ ಹುಟ್ಟಿತು.

ಉಳಿದದ್ದನ್ನು ಇಡಲು ಫ್ರಿಜ್ ಬೇಕಿಲ್ಲ. ದೋರೆ ಕಾಯಿಯನ್ನು ಫ್ರಿಜ್ಜಲ್ಲಿಟ್ಟರೆ ಸರಿಯಾಗಿ ಹಣ್ಣಾಗುವುದೂ ಇಲ್ಲ, ರುಚಿಯೂ ಕೆಡುತ್ತದೆ. ದೆಹಲಿಯ ಪೂಸಾ ಕೃಷಿ ಸಂಸ್ಥೆಯವರು ತೋರಿಸಿಕೊಟ್ಟ ಇಟ್ಟಿಗೆ ತೊಟ್ಟಿ ಇದೆ. ನೆರಳಲ್ಲಿ ಇಟ್ಟಿಗೆಯ ಎರಡು ಗೋಡೆ, ನಡುವೆ ಮೂರು ಇಂಚು ಮರಳು, ಮೇಲೆ ಹುಲ್ಲಿನ ಮುಚ್ಚಳ. ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಿದರೆ ಒಳಗೆ ತಂಪು. ಗಾಳಿ ಒಣಗಿರುವ ಬಯಲುಸೀಮೆಯ ಬೇಸಿಗೆಗೆ ಇದು ಚೆನ್ನ. ಮಲೆನಾಡಿನ ಮಳೆಗಾಲಕ್ಕೆ ಪ್ರಯೋಜನವಿಲ್ಲ, ಹಸಿ ಗಾಳಿಯಲ್ಲಿ ನೀರು ಆರದಿದ್ದರೆ ತಂಪು ಹುಟ್ಟುವುದಿಲ್ಲ. ವಾರಕ್ಕೊಮ್ಮೆ ತೊಟ್ಟಿಯಲ್ಲಿ ಕೈಯಾಡಿಸಿ ಕೊಳೆತದ್ದನ್ನು ತೆಗೆದರೆ ಸಾಲದು, ದಿನಾ ನೋಡಬೇಕು. ಒಂದು ಹಣ್ಣು ರಸ ಬಿಟ್ಟರೆ ಕೆಳಗಿನ ಹತ್ತಕ್ಕೆ ತಗಲುತ್ತದೆ.

ಹಾಗಂತ ಎಲ್ಲರೂ ಸಂತೆಗೇ ಬನ್ನಿ ಅಂತ ನಾವು ಹೇಳುತ್ತಿಲ್ಲ. ಐವತ್ತು ಬಾಕ್ಸ್ ಬಿಡಿಸುವವರಿಗೆ ಮಂಡಿಯೇ ದಾರಿ, ಅಷ್ಟನ್ನು ಕೊಳ್ಳುವ ಜನ ಯಾವ ಸಂತೆಯಲ್ಲೂ ಇಲ್ಲ. ಐದಾರು ಬಾಕ್ಸಿನವರು, ಜೊತೆಗೆ ಬೀನ್ಸು, ಮೆಣಸಿನಕಾಯಿ, ಸೊಪ್ಪು ಇರುವವರು ಸಂತೆಯಲ್ಲಿ ಗೆಲ್ಲುತ್ತಾರೆ. ಅದರಲ್ಲೂ ಮಂಡಿ ರೇಟು ಬಿದ್ದ ವಾರ. ಮಂಡಿಯಲ್ಲಿ ಕೆ.ಜಿ.ಗೆ ನಾಲ್ಕಾದ ದಿನವೂ ಸಂತೆಯಲ್ಲಿ ಹತ್ತಕ್ಕೆ ಕೊಳ್ಳುವವರು ಇರುತ್ತಾರೆ.

ಆದರೆ ಒಂದು ಕೆಲಸ ರೈತರ ಕೈಯಲ್ಲಿಲ್ಲ. ನಾವು ಕೂತ ಸಂತೆಯಲ್ಲಿ ಸುಂಕದವರು ಬೆಳಿಗ್ಗೆಯೇ ಬಂದು ಚೀಟಿ ಹರಿದರು. ನೆರಳು ಮಾತ್ರ ಎಲ್ಲೂ ಇರಲಿಲ್ಲ. ಸೀರೆ ಕಟ್ಟಿಕೊಂಡವರ ಹಣ್ಣು ಗಟ್ಟಿಯಿತ್ತು, ಕಟ್ಟದವರದ್ದು ಮಧ್ಯಾಹ್ನಕ್ಕೇ ಬಾಡಿತ್ತು. ಸಂತೆ ಸುಂಕದ ಹರಾಜಿನಿಂದ ಪಂಚಾಯ್ತಿಗೆ ವರ್ಷವೂ ಹಣ ಬರುತ್ತದೆ. ಆ ಹಣ ಎಷ್ಟು, ಅದರಲ್ಲಿ ಸಂತೆ ಮೈದಾನಕ್ಕೆ ಖರ್ಚಾದದ್ದೆಷ್ಟು ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಹತ್ತು ಶೀಟು ಹೊದಿಸಿದರೆ ಸಂಜೆ ಚೆಲ್ಲುವ ಹಣ್ಣು ಎಷ್ಟೋ ಉಳಿಯುತ್ತದೆ. ಚೀಟಿ ಹರಿಯುವವರು ನೆರಳನ್ನೂ ಕೊಡಬೇಕು.