ಸಂಬಳ ಕೇಳುವ ಮುನ್ನ ಲೆಕ್ಕ ಸರಿಯಿರಲಿ

ಏಪ್ರಿಲ್‌ನಲ್ಲಿ ಸಂಬಳ ಪರಿಷ್ಕರಿಸುವ ಕಂಪನಿಗಳಲ್ಲಿ ಹಣದ ಹಂಚಿಕೆ ಸಾಮಾನ್ಯವಾಗಿ ಮೊದಲೇ ಮುಗಿದಿರುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲೇ ಮಾತು ಎತ್ತಬೇಕು.

ಮಾರುಕಟ್ಟೆಯ ಲೆಕ್ಕದಲ್ಲಿ ಹಲವರು ಎಡವುವುದು ಸಿಟಿಸಿಯಲ್ಲಿ. ಪುಣೆಯ ಎಂಜಿನಿಯರ್ ಒಬ್ಬರ ಸಿಟಿಸಿ 18 ಲಕ್ಷ ಎಂದುಕೊಳ್ಳಿ. ಅದರಲ್ಲಿ ವೇರಿಯಬಲ್ 3 ಲಕ್ಷ, ಖಚಿತವಾದದ್ದು 15. ಬೇರೆಡೆಯ 20 ಲಕ್ಷದಲ್ಲಿ ವೇರಿಯಬಲ್ 5 ಇದ್ದರೆ ಅಲ್ಲಿಯೂ ಖಚಿತವಾದದ್ದು 15 ಮಾತ್ರ. ಅದನ್ನು ಸಾಕ್ಷಿಯಾಗಿ ಇಟ್ಟರೆ ನಿಲ್ಲದು. ಅದೇ ಊರು, ಅದೇ ಕೆಲಸ, ಅಷ್ಟೇ ಅನುಭವದ ಮೂರ್ನಾಲ್ಕು ಹುದ್ದೆಗಳ ಖಚಿತ ಸಂಬಳ 17ರಿಂದ 18 ಲಕ್ಷ ಇದ್ದರೆ, 17.5 ಕೇಳುವುದು ನ್ಯಾಯ.

ಸಾಧನೆಯೂ ಹಾಗೆಯೇ. ‘ತುಂಬಾ ದುಡಿದೆ’ ಎನ್ನುವ ಬದಲು ‘ಮೂರು ದಿನ ಹಿಡಿಯುತ್ತಿದ್ದ ತಿಂಗಳ ವರದಿ ಈಗ ನಾಲ್ಕು ಗಂಟೆಯಲ್ಲಿ ಮುಗಿಯುತ್ತಿದೆ’ ಎನ್ನಿ. ಆ ಮಾತನ್ನು ಮ್ಯಾನೇಜರ್ ತಮ್ಮ ಮೇಲಿನವರ ಮುಂದೆ ಹಾಗೆಯೇ ಇಡಬಲ್ಲರು. ನಮ್ಮ ಮನೆ ಬಾಡಿಗೆಯ ಕಷ್ಟವನ್ನಲ್ಲ.