ಎಡಗಡೆಯ ಎರಡು ಇಂಚು

ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಬೋಧನಾಭ್ಯಾಸದ ಪಾಠವೊಂದನ್ನು ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಒಂಬತ್ತನೇ ತರಗತಿ, ಬಹಮನಿ ರಾಜ್ಯದ ಪಾಠ. ನಮ್ಮ ಪ್ರಶಿಕ್ಷಣಾರ್ಥಿ ಬೀದರಿನ ಮದರಸಾದ ಚಿತ್ರ ತೋರಿಸಿ, ಮಹಮೂದ್ ಗವಾನನ ಸುಧಾರಣೆಗಳನ್ನು ಚೆನ್ನಾಗಿಯೇ ಹೇಳಿದಳು. 1481ರಲ್ಲಿ ಸುಲ್ತಾನ ಅವನಿಗೆ ಮರಣದಂಡನೆ ವಿಧಿಸಿದ ಎಂದಾಗ ಒಬ್ಬ ಹುಡುಗ ಎದ್ದು ನಿಂತ: "ಮೇಡಂರಿ, ಇಷ್ಟ ಛಲೋ ಕೆಲಸ ಮಾಡಿದವನಿಗಿ ರಾಜಾ ಯಾಕ ಕೊಲ್ಲಿಸಿದ?" ಅವಳು ಪಾಠಯೋಜನೆಯ ಹಾಳೆ ತಿರುವಿದಳು. ಉತ್ತರ ಸಿಗಲಿಲ್ಲ.

ಮರಳಿ ಬಂದ ಮೇಲೆ ಅವಳ ನೋಟ್‌ಬುಕ್ ನೋಡಿದೆ. ಉತ್ತರ ಅದರಲ್ಲಿತ್ತು! ನಾನೇ ಉಪನ್ಯಾಸದಲ್ಲಿ ಹೇಳಿದ್ದನ್ನು ಅವಳು ದುಂಡಗೆ ಬರೆದುಕೊಂಡಿದ್ದಳು. ಅಂದವಾದ ಬರವಣಿಗೆಗೆ ನಾನೇ ಪೂರ್ತಿ ಅಂಕ ಕೊಟ್ಟು ಸಹಿ ಮಾಡಿದ್ದೆ. ಬರೆದದ್ದನ್ನು ಪುಸ್ತಕ ಮುಚ್ಚಿ ಹೇಳಬಲ್ಲಳೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅಂದಿನಿಂದ ನನ್ನ ತರಗತಿಯಲ್ಲಿ ಕಾರ್ನೆಲ್ ವಿಧಾನದ ಟಿಪ್ಪಣಿಯನ್ನು ಬಳಸುತ್ತಿದ್ದೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಇದನ್ನು ರೂಪಿಸಿ, 'ಹೌ ಟು ಸ್ಟಡಿ ಇನ್ ಕಾಲೇಜ್' ಎಂಬ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದರು. ನಮ್ಮ ಉದ್ದ ನೋಟ್‌ಬುಕ್‌ನಲ್ಲಿ ಎಡಕ್ಕೆ ಎರಡು ಇಂಚು ಬಿಟ್ಟು ಗೆರೆ ಎಳೆಯಬೇಕು. ಕೆಳಗೂ ಎರಡು ಇಂಚು ಬಿಡಬೇಕು. ಉಪನ್ಯಾಸ ನಡೆಯುವಾಗ ಬಲಗಡೆ ಮಾತ್ರ ಚುಟುಕಾಗಿ ಬರೆಯುವುದು. ಅದೇ ದಿನ ಸಂಜೆ ಎಡಗಡೆ ಪ್ರಶ್ನೆಗಳನ್ನೂ ಕೆಳಗೆ ಎರಡು ಮೂರು ವಾಕ್ಯದ ಸಾರಾಂಶವನ್ನೂ ಬರೆಯುವುದು. ಬಳಿಕ ಬಲಭಾಗವನ್ನು ಹಾಳೆಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿ, ಹಾಳೆ ಸರಿಸಿ ತಾಳೆ ನೋಡುವುದು.

ಹೆಚ್ಚಿನವರು ಎಡವುವುದು ಎಡಗಡೆಯ ಅಂಕಣದಲ್ಲಿ. ಅದೇ ಪಾಠವನ್ನು ನೋಡೋಣ. ಬಲಗಡೆ ಹೀಗಿದೆ: ನಾಲ್ಕು ತರಫ್‌ಗಳನ್ನು ಎಂಟು ಮಾಡಿದ, ಪ್ರತಿ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ, ಉಳಿದವು ಸುಲ್ತಾನನ ಅಧೀನ, ವಿರೋಧಿಗಳಿಂದ ಸುಳ್ಳು ಪತ್ರ, 1481ರಲ್ಲಿ ಮರಣದಂಡನೆ, ಮುಂದೆ ರಾಜ್ಯ ಐದು ಹೋಳು. ಮೊದಲ ಸಲ ಪ್ರಶಿಕ್ಷಣಾರ್ಥಿಗಳು ಎಡಗಡೆ "ಸುಧಾರಣೆಗಳು", "ಮರಣ" ಎಂದು ಬರೆಯುತ್ತಾರೆ. ಇವು ಬರೀ ತಲೆಬರಹಗಳು, ಏನನ್ನೂ ಕೇಳುವುದಿಲ್ಲ. ಎರಡನೆಯ ಸಲ "ಗವಾನ್ ಸತ್ತದ್ದು ಯಾವಾಗ?" ಎನ್ನುತ್ತಾರೆ. ಇದಕ್ಕೆ ಒಂದು ಇಸವಿ ಸಾಕು. "ತರಫ್‌ಗಳನ್ನು ಎಂಟು ಮಾಡಿದ್ದರಿಂದ ಯಾರ ಅಧಿಕಾರ ಕಡಿಮೆಯಾಯಿತು? ಅವರು ಏನು ಮಾಡಿದರು?" ಎಂದು ಬರೆದರೆ ಮಾತ್ರ ಬಲಗಡೆಯ ಮೂರು ಸಾಲುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪ್ರಾಂತವೂ ಕೋಟೆಗಳೂ ಕೈತಪ್ಪಿದ ಅಮೀರರಿಗೆ ಗವಾನನ ಮೇಲೆ ಸಿಟ್ಟಿತ್ತು, ಆ ಸಿಟ್ಟೇ ಸುಳ್ಳು ಪತ್ರವಾಯಿತು. ಮೆಹಕರದ ಹುಡುಗ ಕೇಳಿದ್ದೂ ಇದನ್ನೇ.

ಪುಟಕ್ಕೆ ನಾಲ್ಕೈದು ಪ್ರಶ್ನೆ ಸಾಕು. ಅವುಗಳಲ್ಲಿ ಎರಡಾದರೂ "ಏಕೆ", "ಹೇಗೆ" ಎಂದು ಕೇಳಬೇಕು. ಒಂದೇ ಪದದಲ್ಲಿ ಉತ್ತರ ಮುಗಿದರೆ ಆ ಪ್ರಶ್ನೆಯನ್ನು ಮತ್ತೆ ಬರೆಯಬೇಕು. ಉತ್ತರ ತಪ್ಪಿದ ಪ್ರಶ್ನೆಗೆ ಚುಕ್ಕೆ ಇಟ್ಟು, ಮೂರು ದಿನ ಬಿಟ್ಟು ಒಮ್ಮೆ, ವಾರ ಕಳೆದು ಮತ್ತೊಮ್ಮೆ ಕೇಳಿಕೊಳ್ಳಬೇಕು.

"ಸರ್, ಇಷ್ಟು ಹೊತ್ತಿನಲ್ಲಿ ಎರಡು ಸಲ ಓದಿಬಿಡಬಹುದಲ್ಲ?" ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಓದಬಹುದು, ಓದಿದ ಕೂಡಲೇ ಎಲ್ಲ ಗೊತ್ತಿದೆ ಎನಿಸುವುದೂ ನಿಜ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ನೋಡಿದರೆ, ಪಠ್ಯ ನೋಡದೆ ನೆನಪಿಸಿಕೊಂಡು ಬರೆದಿದ್ದವರಿಗೇ ಹೆಚ್ಚು ನೆನಪಿತ್ತು. ಬೋಧನಾಭ್ಯಾಸದ ಪಾಠ ಬರುವುದು ಉಪನ್ಯಾಸ ಮುಗಿದ ಐದು ನಿಮಿಷಕ್ಕಲ್ಲ.

ಈ ವಿಧಾನಕ್ಕೆ ಮಿತಿಯೂ ಇದೆ. ಬಲಗಡೆ ತಪ್ಪು ಬರೆದುಕೊಂಡಿದ್ದರೆ ಆ ತಪ್ಪೇ ಗಟ್ಟಿಯಾಗುತ್ತದೆ. ಆದ್ದರಿಂದ ಪ್ರಶ್ನೆ ಬರೆಯುವ ಮೊದಲು ಪಠ್ಯಪುಸ್ತಕದೊಡನೆ ತಾಳೆ ನೋಡಬೇಕು. ಉಪನ್ಯಾಸಕರು ಟಿಪ್ಪಣಿಯನ್ನು ಸಾಲು ಸಾಲಾಗಿ ಬರೆಸುತ್ತಿದ್ದರಂತೂ ಇದು ನಡೆಯುವುದೇ ಇಲ್ಲ. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ವಿದ್ಯಾರ್ಥಿ ತೀರ್ಮಾನಿಸುವ ಕೆಲಸವನ್ನು ನಾವೇ ಕಿತ್ತುಕೊಂಡಂತಾಗುತ್ತದೆ. ನಾನೂ ವರ್ಷಗಟ್ಟಲೆ ಹಾಗೆ ಬರೆಸಿದವನೇ.

ಆದ್ದರಿಂದ ಸಹೋದ್ಯೋಗಿಗಳಲ್ಲಿ ನನ್ನದು ಎರಡು ವಿನಂತಿ. ಉಪನ್ಯಾಸದ ಕೊನೆಯ ಐದು ನಿಮಿಷವನ್ನು ಎಡ ಅಂಕಣಕ್ಕೆ ಬಿಟ್ಟುಕೊಡೋಣ; ಉಳಿದ ಪ್ರಶ್ನೆಗಳನ್ನು ಅವರು ಸಂಜೆ ಬರೆಯಲಿ. ನೋಟ್‌ಬುಕ್ ಪರಿಶೀಲಿಸುವಾಗ ಅಕ್ಷರದ ಅಂದಕ್ಕೆ ಅಂಕ ಕೊಡುವ ಬದಲು, ಬಲಭಾಗ ಮುಚ್ಚಿ ಎಡಗಡೆಯ ಒಂದು ಪ್ರಶ್ನೆ ಕೇಳಿ, ಬಂದ ಉತ್ತರಕ್ಕೆ ಸಹಿ ಹಾಕೋಣ. ಆ ಪ್ರಶಿಕ್ಷಣಾರ್ಥಿ ಮರುವಾರ ಮೆಹಕರಕ್ಕೆ ಹೋದಾಗ, ಪಾಠ ಆರಂಭಿಸುವ ಮೊದಲು ಆ ಹುಡುಗನನ್ನು ಎಬ್ಬಿಸಿ ಅವನ ಪ್ರಶ್ನೆಯನ್ನು ಅವನಿಂದಲೇ ಇನ್ನೊಮ್ಮೆ ಕೇಳಿಸಿದಳು. ಈ ಸಲ ಪಾಠಯೋಜನೆ ಮೇಜಿನ ಮೇಲೆಯೇ ಇತ್ತು.