ಕರೆಂಟ್ ಕೂಡಿಡೋದಾ, ಹಿಟ್ಟು ಕೂಡಿಡೋದಾ?

ಹೋದ ತಿಂಗಳು ಊರಿಗೆ, ಅಂದರೆ ಸುಲೇಪೇಟಕ್ಕೆ, ಹೋಗಿದ್ದೆ. ಬೆಂಗಳೂರಲ್ಲಿ ಸೋಲಾರ್ ಕೆಲಸ ಮಾಡ್ತಾನೆ ಅನ್ನೋದು ಗೊತ್ತಿದ್ದ ಗೆಳೆಯರು, ಶಾಲೆಯ ಹಾಲ್‌ನಲ್ಲಿ ನಲವತ್ತು ಜನರನ್ನ ಕೂಡಿಸಿ ನನ್ನ ಕೈಗೆ ಮೈಕ್ ಕೊಟ್ಟುಬಿಟ್ಟರು. ಇಪ್ಪತ್ತು ನಿಮಿಷ ಮಾತಾಡಿದೆ. ಪ್ರಶ್ನೆಗಳು ಒಂದೂವರೆ ತಾಸು ನಡೆದವು. ಈ ವಾರದ ಅಂಕಣ ಆ ಪ್ರಶ್ನೆಗಳ ಬಗ್ಗೆ. ಊರಿಂದ ಫೋನ್ ಬಂದು "ಸೋಲಾರ್ ಹಾಕಿಸಬೇಕಂತ ಮಾಡೀವಿ, ಏನಂತಿ?" ಅಂತ ನಿಮ್ಮನ್ನೂ ಯಾರಾದರೂ ಕೇಳಿರ್ತಾರೆ, ಇಲ್ಲಾ ಕೇಳ್ತಾರೆ.

ಮೊದಲು ಎದ್ದು ನಿಂತವರು ಹಿಟ್ಟಿನ ಗಿರಣಿ ನಡೆಸೋ ಅಕ್ಕ. ಕೈಯಲ್ಲಿ ಒಂದು ಕೊಟೇಶನ್ ಹಾಳೆ.

"ತಮ್ಮಾ, ಐದು ಕಿಲೋವ್ಯಾಟ್‌ಗೆ ಎರಡೂಮುಕ್ಕಾಲು ಲಕ್ಷ ಹೇಳ್ಯಾರ. ಸಾಲ ತಗೊಂಡು ಹಾಕಿಸ್ತೀನಿ. ಸಂಜೀಕ ಕರೆಂಟ್ ಹೋದ್ರೂ ಗಿರಣಿ ನಡೀತದಲ್ಲ?"

ಇಲ್ಲ ಅಕ್ಕಾ, ನಡೆಯೋದಿಲ್ಲ ಅಂದೆ. ಹಾಲ್ ಪೂರ್ತಿ ಸುಮ್ಮನಾಯಿತು.

ಸಂಜೆ ಬಿಸಿಲಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಮಟಮಟ ಮಧ್ಯಾಹ್ನ, ನೆತ್ತಿ ಮೇಲೆ ಸೂರ್ಯ ಇದ್ದಾಗ ಕರೆಂಟ್ ಹೋದರೂ ಆ ಸೋಲಾರ್ ಆರಿಹೋಗುತ್ತದೆ. ಮಾಳಿಗೆ ಮೇಲೆ ಕೂರಿಸುವ ಸಾಮಾನ್ಯ ಸಿಸ್ಟಮ್ ಗ್ರಿಡ್‌ಗೆ ಜೋಡಿಸಿದ್ದು. ಅದರ ಇನ್ವರ್ಟರ್ ಲೈನಿನಲ್ಲಿರುವ ಕರೆಂಟ್ ನೋಡಿಕೊಂಡೇ ತನ್ನ ಕರೆಂಟನ್ನು ಅದಕ್ಕೆ ತಾಳೆ ಮಾಡಿ ಬಿಡುತ್ತದೆ. ಲೈನ್ ಸತ್ತ ಕೂಡಲೇ ತಾನೂ ನಿಲ್ಲಬೇಕು ಅನ್ನೋದು ಸುರಕ್ಷತೆಯ ನಿಯಮ. ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟ್ ಹೊಡೆಯುತ್ತದೆ. ಬ್ಯಾಟರಿ ಜೊತೆಗಿನ ಹೈಬ್ರಿಡ್ ಇನ್ವರ್ಟರ್ ಹಾಕಿಸಿದರೆ ಮಾತ್ರ, ಲೈನಿನಿಂದ ಮನೆಯನ್ನು ಬಿಡಿಸಿಕೊಂಡು ಒಳಗೆ ಕರೆಂಟ್ ಕೊಡುತ್ತದೆ. ಕೊಟೇಶನ್ ಹಾಳೆಯಲ್ಲಿ ಈ ಒಂದು ಪದ ಇದೆಯೋ ಇಲ್ಲವೋ ಅಂತ ಮೊದಲು ನೋಡಿ. ಅಕ್ಕನ ಹಾಳೆಯಲ್ಲಿ ಇರಲಿಲ್ಲ.

"ಹಂಗಾದ್ರ ಬ್ಯಾಟರಿನೂ ಇಡೋಣಲ್ಲ" ಅಂದರು ಅಕ್ಕ. ಸರಿ, ಬೋರ್ಡ್ ಮೇಲೆ ಲೆಕ್ಕ ಹಾಕಿದೆವು.

ಅವರದು ಏಳೂವರೆ ಎಚ್‌ಪಿ ಮೋಟರ್. ಓಡುವಾಗ ತಾಸಿಗೆ ಸುಮಾರು 6 ಯೂನಿಟ್ ತಿನ್ನುತ್ತದೆ. ಹೊಲದಿಂದ ಜನ ವಾಪಸ್ ಬರೋ ಹೊತ್ತು, ಸಂಜೆ ಐದರಿಂದ ಎಂಟು, ಗಿರಣಿಗೆ ಜೋರು ಗಿರಾಕಿ. ಮೂರು ತಾಸಿಗೆ 18 ಯೂನಿಟ್. ಮನೆಯ ಇನ್ವರ್ಟರ್‌ಗೆ ಹಾಕುವ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್. ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ, ಹಾಗಾಗಿ ದಿನಾ ತೆಗೆಯೋದು ಒಂದು ಯೂನಿಟ್ ಅಂತ ಇಟ್ಟುಕೊಳ್ಳಿ. ಅಂದರೆ ಹದಿನೆಂಟು ಬ್ಯಾಟರಿ! ಅದರ ಮೇಲೆ, ಮೋಟರ್ ಶುರುವಾಗುವ ಕ್ಷಣಕ್ಕೆ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದನ್ನ ತಡೆದುಕೊಳ್ಳುವ ಥ್ರೀ ಫೇಸ್ ಇನ್ವರ್ಟರ್ ಬೇರೆ. ಕೆಲವೇ ವರ್ಷಕ್ಕೆ ಆ ಬ್ಯಾಟರಿಗಳನ್ನೆಲ್ಲ ಬದಲಿಸಬೇಕು. ಲಿಥಿಯಂ ಆದರೆ ಕಡಿಮೆ ಜಾಗ, ಹೆಚ್ಚು ಬಾಳಿಕೆ, ಆದರೆ ಕೈಗೆ ಬರುವಾಗಲೇ ದೊಡ್ಡ ದುಡ್ಡು. ಜೋಳ ಬೀಸಿದ ದುಡ್ಡಿನಲ್ಲಿ ಇದು ಹುಟ್ಟೋದಿಲ್ಲ.

ಹಿಂದಿನ ಬೆಂಚಿನಿಂದ ನಿವೃತ್ತ ಮೇಷ್ಟ್ರು ಕೇಳಿದರು: "ಅಲ್ಲಪ್ಪಾ, ಸೋಲಾರ್ ಭಾಳ ಸೋವಿ ಆಗ್ಯಾದ ಅಂತ ಈಗ ನೀನೇ ಹೇಳ್ದಿ. ಸೋವಿ ಇದ್ರ ಈ ಲೆಕ್ಕ ಯಾಕ ಹಿಂಗ ಬರ್ತದ?"

ಅವತ್ತಿನ ಅತಿ ಒಳ್ಳೆಯ ಪ್ರಶ್ನೆ ಇದೇ. ಮಧ್ಯಾಹ್ನ ಒಂದು ಗಂಟೆಯ ಯೂನಿಟ್ ಸೋವಿ ಆಗಿದೆ, ಸಂಜೆ ಏಳರ ಯೂನಿಟ್ ಆಗಿಲ್ಲ. ಮಧ್ಯಾಹ್ನದ್ದನ್ನು ಸಂಜೆಗೆ ಒಯ್ಯುವ ಸಾಗಾಣಿಕೆಯ ಖರ್ಚೇ ದೊಡ್ಡದು. ಇದು ಗಿರಣಿಗೊಂದೇ ಅಲ್ಲ, ಇಡೀ ರಾಜ್ಯಕ್ಕೂ ಇದೇ ಕಥೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಸಂಜೆ ಏಳಕ್ಕೆ ಅದು ಕೊಡೋದು ಸೊನ್ನೆ. ಆಗ ಕಲ್ಲಿದ್ದಲಿನ ರಾಯಚೂರು ಸ್ಥಾವರ, ನೀರಿನ ಶರಾವತಿ, ಹೊರಗಿಂದ ಕೊಂಡ ಕರೆಂಟ್ ಇವೆಲ್ಲ ಭಾರ ಹೊರಬೇಕು. ಶರಾವತಿಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸರ್ಕಾರ ಹೊರಟಿದ್ದೂ ಇದಕ್ಕೇ. ಹಗಲಿನ ಅಗ್ಗದ ಕರೆಂಟಲ್ಲಿ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಕರೆಂಟ್ ಮಾಡೋದು. ಎತ್ತಿ ಇಳಿಸುವುದರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಹೋಗಿಬಿಡುತ್ತದೆ. ಜಾಗ ಸಿಂಗಳೀಕದ ಅಭಯಾರಣ್ಯದೊಳಗಿನದು, ಅದಕ್ಕೇ ಅಷ್ಟು ವಿರೋಧ. ಸಂಜೆಯ ಯೂನಿಟ್‌ಗೆ ದುಡ್ಡಿನ ಬೆಲೆಯಷ್ಟೇ ಅಲ್ಲ, ಕಾಡಿನ ಬೆಲೆಯೂ ಇದೆ.

ಅಕ್ಕನಿಗೆ ಇದೆಲ್ಲ ಬೇಕಿರಲಿಲ್ಲ. "ನನ್ನ ಗಿರಣಿದು ಹೇಳು" ಅಂದರು. ಮತ್ತೆ ಬೋರ್ಡ್‌ಗೆ ಬಂದೆವು.

ಬ್ಯಾಟರಿ ಬಿಟ್ಟು ನೆಟ್ ಮೀಟರಿಂಗ್ ಮಾಡಿಸಿದರೆ ಗ್ರಿಡ್ಡೇ ಅವರ ಬ್ಯಾಟರಿ. ಹಗಲಿಗೆ ಕೊಟ್ಟ ಯೂನಿಟ್ ಸಂಜೆ ತಗೊಂಡ ಯೂನಿಟ್‌ಗೆ ಬಿಲ್ಲಿನಲ್ಲಿ ವಜಾ. ಐದು ಕಿಲೋವ್ಯಾಟ್ ದಿನಕ್ಕೆ ಸುಮಾರು 20 ಯೂನಿಟ್ ಕೊಡುತ್ತದೆ. ಲೆಕ್ಕಕ್ಕೆ ಸುಲಭ ಅಂತ ಯೂನಿಟ್‌ಗೆ 6 ರೂಪಾಯಿ ಹಿಡಿಯಿರಿ, ನಿಮ್ಮ ದರ ಬಿಲ್ಲಿನಲ್ಲಿ ನೋಡಿಕೊಳ್ಳಿ. ದಿನಕ್ಕೆ 120 ರೂಪಾಯಿ, ವರ್ಷದಲ್ಲಿ ಒಳ್ಳೆ ಬಿಸಿಲಿನ 300 ದಿನಕ್ಕೆ 36,000. ಬಡ್ಡಿ ಬಿಟ್ಟು ಏಳೂವರೆ ವರ್ಷಕ್ಕೆ ದುಡ್ಡು ವಾಪಸ್.

ಆದರೆ ಮಧ್ಯಾಹ್ನ ಎರಡು ತಾಸು ಕರೆಂಟ್ ಹೋದರೆ? ಆ ಹೊತ್ತಲ್ಲಿ ತಾಸಿಗೆ ಮೂರೂವರೆ ಯೂನಿಟ್ ಬರಬೇಕಿತ್ತು, ಏಳು ಯೂನಿಟ್ ಗಾಳಿಗೆ ಹೋಯಿತು. ಸರಾಸರಿ ದಿನಕ್ಕೆ ಐದು ಯೂನಿಟ್ ಹೀಗೆ ಹೋಗ್ತಿದ್ದರೆ ಏಳೂವರೆ ವರ್ಷ ಹತ್ತು ವರ್ಷ ದಾಟುತ್ತದೆ. ಲೈನಿನ ತುದಿಯ ಮನೆಗಳಲ್ಲಿ ಇನ್ನೊಂದು ತೊಂದರೆ: ಕರೆಂಟ್ ಇರ್ತದೆ, ಆದರೆ ವೋಲ್ಟೇಜ್ ಹದ್ದು ಮೀರಿ ಏರಿಳಿದಾಗ ಇನ್ವರ್ಟರ್ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತಿರುತ್ತದೆ. ಮನೆಯವರಿಗೆ ಗೊತ್ತೇ ಆಗೋದಿಲ್ಲ, ತಿಂಗಳ ಕೊನೆಗೆ ಯೂನಿಟ್ ಕಡಿಮೆ ಕಾಣುತ್ತದೆ ಅಷ್ಟೆ. ಅಂದರೆ ಕರೆಂಟ್ ಸರಿ ಇಲ್ಲದ ಊರಿಗೆ ಸೋಲಾರ್ ಪರಿಹಾರ ಅಂತ ನಾವು ಹೇಳ್ತೀವಿ, ಗ್ರಿಡ್ ಸೋಲಾರ್‌ನ ಆದಾಯ ಮಾತ್ರ ಕರೆಂಟ್ ಸರಿ ಇರೋ ಊರಿನಲ್ಲೇ ಹೆಚ್ಚು.

ನಮ್ಮ ಕಡೆ ಧೂಳಿನ ಲೆಕ್ಕವೂ ಸೇರಿಸಬೇಕು. ಸೇಡಂ, ವಾಡಿ, ಶಹಾಬಾದ್, ಚಿತ್ತಾಪುರ ಎಲ್ಲ ಸುಣ್ಣದಕಲ್ಲು, ಫರ್ಸಿ, ಸಿಮೆಂಟಿನ ಸೀಮೆ. ಈ ಧೂಳಿನ ಮೇಲೆ ಇಬ್ಬನಿ ಬಿದ್ದು ಒಣಗಿದರೆ ಗಾಜಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಗಿರಣಿ ಮಾಳಿಗೆ ಅಂದರೆ ಮೇಲಿಂದ ಹಿಟ್ಟು ಬೇರೆ. ವಾರಕ್ಕೊಮ್ಮೆ ಬೆಳಿಗ್ಗೆ, ಗಾಜು ಕಾಯೋ ಮುಂಚೆ, ಮೆತ್ತನೆ ಬಟ್ಟೆಯಿಂದ ತೊಳೆಯೋರು ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

"ಸರ್ಕಾರದ 78 ಸಾವಿರ ಬರ್ತದಲ್ಲ?" ಅಂತ ಪಕ್ಕದವರು ಕೇಳಿದರು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಸಬ್ಸಿಡಿ ವಾಸದ ಮನೆಗೆ ಮಾತ್ರ, ಮೂರು ಕಿಲೋವ್ಯಾಟ್ ಮತ್ತು ಮೇಲ್ಪಟ್ಟರೆ 78,000. ಗಿರಣಿ ಮೀಟರಿಗೆ ಇಲ್ಲ. ಮನೆ ಮೀಟರಿಗೆ ಹಾಕಿಸೋಣ ಅಂದರೆ, ಅಲ್ಲಿ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಸೊನ್ನೆ ಬಿಲ್ಲಿನಲ್ಲಿ ಉಳಿಸೋದೇನು? ನಿಮ್ಮ ಅಪ್ಪ ಅಮ್ಮ ಇಬ್ಬರೇ ಇರುವ ಊರ ಮನೆಗೆ ದೊಡ್ಡ ಸೋಲಾರ್ ಹಾಕಿಸೋ ಮುಂಚೆ ಇದನ್ನ ಯೋಚಿಸಿ. ಅವರಿಗೆ ಬೇಕಿರೋದು ಕರೆಂಟ್ ಹೋದಾಗ ಎರಡು ಫ್ಯಾನ್, ನಾಲ್ಕು ಬಲ್ಬು. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಎರಡು, 10 ವ್ಯಾಟಿನ ಎಲ್‌ಇಡಿ ನಾಲ್ಕು: ನಾಲ್ಕು ತಾಸಿಗೆ ಅರ್ಧ ಯೂನಿಟ್ಟೂ ಆಗೋದಿಲ್ಲ. ಒಂದೇ ಬ್ಯಾಟರಿ ಸಾಕು.

ಆಗ ಬೋರ್‌ವೆಲ್ ಇರೋ ಕಾಕಾ ಒಬ್ಬರು ಎದ್ದರು. "ನಮಗ ಪಂಪ್‌ಸೆಟ್ ಕರೆಂಟ್ ಪುಕ್ಕಟೆ ಅದ, ಆದ್ರ ರಾತ್ರಿ ಕೊಟ್ರ ಹಾವು ಹುಳದಾಗ ಹೊಲಕ್ಕ ಹೋಗಬೇಕು. ನಮಗ ಬ್ಯಾಟರಿ ಬೇಕೇನು?" ಬೇಡ ಕಾಕಾ, ಅಂದೆ. ಪಂಪಿಗೆ ಹಗಲೇ ಸಾಕು. ಬಿಸಿಲಿದ್ದಾಗ ನೀರೆತ್ತಿ ಕೃಷಿ ಹೊಂಡಕ್ಕೋ ತೊಟ್ಟಿಗೋ ಬಿಟ್ಟರೆ ಹೊಂಡವೇ ಬ್ಯಾಟರಿ, ಬೇಕಾದಾಗ ಹಾಯಿಸಿಕೊಳ್ಳಿ. ಪಿಎಂ ಕುಸುಮ್‌ನ ಸೋಲಾರ್ ಪಂಪು, ಸಬ್‌ಸ್ಟೇಷನ್ ಪಕ್ಕದ ಸಣ್ಣ ಸೋಲಾರ್ ಘಟಕದಿಂದ ಪಂಪ್‌ಸೆಟ್ ಫೀಡರ್‌ಗೆ ಹಗಲು ಕರೆಂಟ್ ಕೊಡೋದು, ಎರಡರ ಯೋಚನೆಯೂ ಇದೇ. ಇಲ್ಲಿ ಲಾಭ ಬಿಲ್ಲಿನದಲ್ಲ, ರಾತ್ರಿ ನಿದ್ದೆಯದು.

ಅದನ್ನ ಕೇಳುತ್ತಿದ್ದ ಅಕ್ಕ ತಟ್ಟನೆ ಅಂದರು: "ಅಂವಗ ನೀರು ಕೂಡಿಡಬಹುದು ಅಂದ್ರ, ನಾ ಹಿಟ್ಟು ಕೂಡಿಡಬಹುದಲ್ಲ?"

ನನಗೆ ಹೊಳೆದಿರಲಿಲ್ಲ ನೋಡಿ! ಸಂಜೆ ಕ್ಯೂ ನಿಲ್ಲುವ ಗಿರಾಕಿ, ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಹೆಸರು ಬರೆದ ಡಬ್ಬಿ ಇಟ್ಟು ಹೋದರೆ ಅಕ್ಕ ಹಗಲಲ್ಲಿ ಬೀಸಿಡುತ್ತಾರೆ. ಇದಕ್ಕೆ ಬ್ಯಾಟರಿಯೂ ಬೇಡ, ಕೆಲವೊಮ್ಮೆ ಪ್ಯಾನೆಲ್ಲೂ ಬೇಡ, ಯಾಕಂದರೆ ಮಧ್ಯಾಹ್ನ ನಮ್ಮ ರಾಜ್ಯದ ಗ್ರಿಡ್‌ನಲ್ಲಿ ಹರಿಯುವುದರಲ್ಲಿ ಬಿಸಿಲಿನ ಕರೆಂಟ್ ಈಗಾಗಲೇ ಬೇಕಾದಷ್ಟಿದೆ. ಅದಕ್ಕೇ 2023ರಲ್ಲಿ ಕೇಂದ್ರ ತಿದ್ದಿದ ನಿಯಮದಲ್ಲಿ, ಹೊತ್ತಿಗೆ ತಕ್ಕ ದರ ಬಂದಾಗ ಸೌರ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ನೂರಕ್ಕೆ 20 ಕಡಿಮೆ ಇರಬೇಕು, ಸಂಜೆಯದು ಹೆಚ್ಚಿರಬೇಕು ಅಂತ ಇದೆ. ಇದಕ್ಕೆ ಸ್ಮಾರ್ಟ್ ಮೀಟರ್ ಬೇಕು. ಅದು ಬಂದ ದಿನ ಹಗಲು ಬೀಸೋರಿಗೆ ನೇರ ಲಾಭ.

ಹೊರಡುವ ಮುಂಚೆ ಅಕ್ಕನಿಗೆ ಒಂದೇ ಕೆಲಸ ಹೇಳಿದೆ: ಸಹಿ ಹಾಕಬೇಡಿ, ಹದಿನೈದು ದಿನ ನೋಟ್‌ಬುಕ್ ಇಡಿ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಕರೆಂಟ್ ಯಾವಾಗ ಹೋಯಿತು, ಯಾವಾಗ ಬಂತು, ಗಿರಣಿ ಬೋರ್ಡಿನ ವೋಲ್ಟ್ ಮೀಟರ್ ಎಷ್ಟು ತೋರಿಸಿತು, ಬರೆಯಿರಿ.

ಮೊನ್ನೆ ವಾಟ್ಸ್ಯಾಪ್‌ನಲ್ಲಿ ಆ ಪುಟದ ಫೋಟೋ ಬಂತು. ಹದಿನೈದರಲ್ಲಿ ಆರು ದಿನ ಹಗಲು ಕರೆಂಟ್ ಹೋಗಿದೆ, ಎರಡು ದಿನ ಎರಡು ತಾಸಿಗೂ ಮೇಲೆ. ಕೆಳಗೆ ಅಕ್ಕನ ಧ್ವನಿ: "ತಮ್ಮಾ, ಸಾಲ ಈಗ ಬ್ಯಾಡ ಅಂತ ಬಿಟ್ಟೀನಿ. ಬಾಗಿಲಿಗೆ ಬೋರ್ಡ್ ಹಾಕೀನಿ. ಇವತ್ತ ಹನ್ನೊಂದು ಡಬ್ಬಿ ಬಂದಾವ."